ಅಣಕಕ್ಕೆ ನಿಂತ ದೊಡ್ಡಕ್ಷರ

ಚಿತ್ರದ ಕೆಳಗಿನ ಇಂಗ್ಲಿಷ್ ಸಾಲಿನಲ್ಲಿ ಒಂದು ಅಕ್ಷರ ದೊಡ್ಡದು, ಮುಂದಿನದು ಚಿಕ್ಕದು ಎಂದು ಬರೆದಿದ್ದರೆ ಅದನ್ನು ವ್ಯಂಗ್ಯದ ಚಿಹ್ನೆ ಎಂದು ವಿವರಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಈ ವಿವರಣೆ ಸಾಲದು. ವ್ಯಂಗ್ಯಕ್ಕೊಂದು ಚಿಹ್ನೆ ಬೇಕೆಂದು 1668ರಲ್ಲೇ ಜಾನ್ ವಿಲ್ಕಿನ್ಸ್ ತಲೆಕೆಳಗಾದ ಉದ್ಗಾರ ಚಿಹ್ನೆಯನ್ನು ಸೂಚಿಸಿದ್ದ. 1899ರಲ್ಲಿ ಫ್ರಾನ್ಸಿನ ಅಲ್ಕಾಂತೆರ್ ದ ಬ್ರಾಮ್ ಇನ್ನೊಂದನ್ನು ಮುಂದಿಟ್ಟ. ಎರಡೂ ಬಳಕೆಗೆ ಬರಲಿಲ್ಲ. ಕಂಪ್ಯೂಟರ್ ಜಾಲಗಳ ಆರಂಭದ ದಿನಗಳಲ್ಲಿ ಹುಡುಗರು ಅಕ್ಷರಗಳನ್ನು ಹೀಗೆ ಏರಿಳಿಸಿ ಬರೆದದ್ದು ಅಲಂಕಾರಕ್ಕೆ. ಅದರಲ್ಲಿ ಅಣಕ ಇರಲಿಲ್ಲ.

ಅಣಕ ಗಟ್ಟಿಯಾಗಿ ನೆಲೆಯೂರಿದ್ದು 2017ರ ಮೇ ತಿಂಗಳಲ್ಲಿ. ಸ್ಪಂಜ್‌ಬಾಬ್ ಎಂಬ ಅಮೆರಿಕದ ಕಾರ್ಟೂನಿನ ನಾಯಕ ಕೋಳಿಯಂತೆ ಬೆನ್ನು ಬಾಗಿಸಿ ನಿಂತ ಚಿತ್ರವೊಂದು ಇಂಥ ಸಾಲುಗಳೊಂದಿಗೆ ಹರಿದಾಡಿತು. ಆದರೆ ಇದರ ಕೀಲಿಕೈ ಸಿಕ್ಕಿದ್ದು ಅದಕ್ಕೂ ಬಹಳ ಹಿಂದೆ. ವ್ಯಂಗ್ಯವೆಂದರೆ ಹೇಳಿದ್ದಕ್ಕೆ ವಿರುದ್ಧವಾದ ಅರ್ಥವಲ್ಲ, ಇನ್ನೊಬ್ಬರ ಮಾತನ್ನು ತಿರಸ್ಕಾರದಿಂದ ಪ್ರತಿಧ್ವನಿಸುವುದು ಎಂದು 1981ರ ಲೇಖನವೊಂದರಲ್ಲಿ ವಿದ್ವಾಂಸರಾದ ಸ್ಪರ್ಬರ್ ಮತ್ತು ವಿಲ್ಸನ್ ವಾದಿಸಿದರು. ಉದ್ಧರಣೆ ಎಂದರೆ ಅಭಿನಯಿಸಿ ತೋರಿಸುವುದು ಎಂದು 1990ರ ಇನ್ನೊಂದು ಲೇಖನದಲ್ಲಿ ಕ್ಲಾರ್ಕ್ ಮತ್ತು ಗೆರಿಗ್ ಹೇಳಿದರು. ನನ್ನ ತಲೆಮಾರಿನವರು ಬೆಳೆದದ್ದು ಈ ಎರಡು ಲೇಖನಗಳ ನೆರಳಿನಲ್ಲಿ, ಇಂದಿಗೂ ಇವನ್ನು ಮೀರಿಸಿದ ವಿವರಣೆ ನನಗೆ ಕಾಣುವುದಿಲ್ಲ.

ಒಬ್ಬ ಗೆಳೆಯ ನೆರವು ಕೇಳಿದಾಗ ಇನ್ನೊಬ್ಬ I am busy today ಎಂದ ಎನ್ನೋಣ. ಕೇಳಿದವನು i Am BuSy ToDaY ಎಂದು ತಿರುಗಿ ಬರೆಯುತ್ತಾನೆ. ಮಾತು ಒಂದಕ್ಷರವೂ ಬದಲಾಗಿಲ್ಲ, ಹಾಗಾಗಿ ಅದು ಯಾರದೆಂದು ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ದೊಡ್ಡಕ್ಷರ ವಾಕ್ಯದ ಆರಂಭಕ್ಕೆ, ಹೆಸರಿಗೆ, ಒತ್ತಿಗೆ ಅಥವಾ ಕೂಗಿಗೆ ಬರುತ್ತದೆ. ಇಲ್ಲಿ ಅದು ಯಾವುದಕ್ಕೂ ಹೊಂದುವುದಿಲ್ಲ, ಪದದ ಪರಿಚಿತ ಆಕಾರವೂ ಮುರಿದುಬೀಳುತ್ತದೆ. ಅಲಂಕಾರಕ್ಕಲ್ಲದೆ ಯಾರೂ ತಮ್ಮ ಸ್ವಂತ ಮಾತನ್ನು ಹೀಗೆ ಕಷ್ಟಪಟ್ಟು ಬರೆಯರು. ಆದ್ದರಿಂದ ಓದುವವರಿಗೆ ಇದು ಮೂತಿ ತಿರುಗಿಸಿ, ದನಿ ಎಳೆದು ಒಪ್ಪಿಸಿದ ಮಾತಾಗಿ ಕೇಳಿಸುತ್ತದೆ. ಮೂಲ ಮಾತು ಓದುಗರಿಗೆ ಗೊತ್ತಿಲ್ಲದಿದ್ದರೆ ಅಣಕವೂ ಇಲ್ಲ. ಬರೀ ವಿಚಿತ್ರ ಬರವಣಿಗೆ ಉಳಿಯುತ್ತದೆ. ವ್ಯಂಗ್ಯದ ಚಿಹ್ನೆಗೆ ಈ ಮಿತಿ ಇರಬೇಕಿಲ್ಲ, ಅಣಕಕ್ಕೆ ಇರಲೇಬೇಕು.

ಕನ್ನಡ ಲಿಪಿಯಲ್ಲಿ ದೊಡ್ಡ ಚಿಕ್ಕ ಅಕ್ಷರಗಳ ಭೇದವಿಲ್ಲ. ನಾವು ಅಣಕಿಸುವುದು ‘ಇವತ್ತು ಪುರ್ಸೊತ್ತಿಲ್ವಂತೆ’ ಎಂದು ಎಳೆದು. ಇನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡುವ ಪದ್ಧತಿಗಳಲ್ಲಿ halli ಎಂದರೆ ಹಲ್ಲಿ, haLLi ಎಂದರೆ ಹಳ್ಳಿ. ಅಲ್ಲಿ ದೊಡ್ಡಕ್ಷರ ಅರ್ಥವನ್ನೇ ಹೊತ್ತಿದೆ. ಅಂಥ ಬರವಣಿಗೆಯಲ್ಲಿ ಏರಿಳಿತ ಅಣಕವಾಗಿ ಕೇಳಿಸುತ್ತದೆಯೇ, ಕಾಗುಣಿತದ ಗೊಂದಲವಾಗಿ ಕಾಣುತ್ತದೆಯೇ? ನಮ್ಮ ಭಾಷಾವಿಜ್ಞಾನ ವಿಭಾಗಗಳ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬೇಕು. ಅದಕ್ಕೆ ಬೇಕಾದ ಸಾಮಗ್ರಿ ಅವರವರ ಮೊಬೈಲಿನಲ್ಲೇ ಇದೆ.