ಎಂಟನೆಯ ವಿಭಕ್ತಿಗೆ ಎಷ್ಟು ಸಾಕ್ಷಿ ಬೇಕು?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಆಡುಮಾತಿನಲ್ಲಿ ಹೊಸದೊಂದು ವಿಭಕ್ತಿ ಹುಟ್ಟಿದೆ ಎಂದು ವಾದಿಸುವ ಲೇಖನವೊಂದು ಪರಿಶೀಲನೆಗಾಗಿ ನನ್ನ ಬಳಿ ಬಂದಿತ್ತು. ವಾದವೆಲ್ಲ ನಿಂತಿದ್ದದ್ದು ‘ತಂಕ’ ಎಂಬ ಒಂದು ರೂಪದ ಮೇಲೆ. ‘ತನಕ’ ಎಂಬ ಮಾತು ಸವೆದು ‘ತಂಕ’ವಾಗಿದೆ, ‘ಮನೆತಂಕ’, ‘ಸಂಜೆತಂಕ’, ‘ತೀರ್ಥಹಳ್ಳಿತಂಕ’ ಎಂದು ನಾಮಪದಕ್ಕೆ ನೇರವಾಗಿ ಅಂಟಿಕೊಳ್ಳುತ್ತಿದೆ, ಹಾಗಾಗಿ ಇದು ಎಂಟನೆಯ ವಿಭಕ್ತಿ, ಇದಕ್ಕೆ ‘ಅವಧಿ ವಿಭಕ್ತಿ’ ಎಂದು ಹೆಸರಿಡಬಹುದು ಎಂಬುದು ಲೇಖಕರ ನಿಲುವು. ಸಂಪಾದಕರಿಗೆ ಎರಡು ಪುಟದ ಪತ್ರ ಬರೆದು ಮುಗಿಸಬಹುದಿತ್ತು. ಆದರೆ ಒಂದು ಪ್ರತ್ಯಯವನ್ನು ಹಿಡಿದು ಒಂದು ವಿಭಕ್ತಿಯನ್ನು ನಿಲ್ಲಿಸುವ ಕೆಲಸ ಕನ್ನಡ ವ್ಯಾಕರಣಕ್ಕೆ ಹೊಸದಲ್ಲ. ಎಂಟು ಶತಮಾನಗಳಿಂದ ನಾವು ಶಾಲೆಯಲ್ಲಿ ಬಾಯಿಪಾಠ ಮಾಡುತ್ತ ಬಂದ ಪಟ್ಟಿಯಲ್ಲೇ ಅಂಥದ್ದೊಂದಿದೆ. ಅದರ ಕಥೆ ತಿಳಿಯದೆ ಈ ಲೇಖಕರಿಗೆ ನ್ಯಾಯವಾದ ಉತ್ತರ ಕೊಡಲು ಆಗುವುದಿಲ್ಲ.

ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಏಳು ವಿಭಕ್ತಿಗಳನ್ನು ಹೇಳುತ್ತಾನೆ. ತೃತೀಯೆಗೆ ಅವನು ಕೊಡುವ ಪ್ರತ್ಯಯ ‘ಇಂ’, ಪಂಚಮಿಗೆ ಕೊಡುವುದು ‘ಅತ್ತಣಿಂ’. ‘ಮರದತ್ತಣಿಂ’ ಎಂಬ ರೂಪವನ್ನು ಬಿಡಿಸಿ ನೋಡಿದರೆ ಮೊದಲು ‘ಮರದ’ ಎಂಬ ಷಷ್ಠಿ ಸಿಗುತ್ತದೆ, ಆಮೇಲೆ ದಿಕ್ಕನ್ನು ಹೇಳುವ ‘ಅತ್ತಣ’, ಕೊನೆಗೆ ತೃತೀಯೆಯದೇ ಆದ ‘ಇಂ’. ಅಂದರೆ ಪಂಚಮಿಗೆ ತನ್ನದೇ ಆದ ಪ್ರತ್ಯಯ ಇರಲೇ ಇಲ್ಲ. ಮರದಿಂದ ಹಣ್ಣು ಬಿತ್ತು ಎನ್ನಲು ಹಳಗನ್ನಡದವರಿಗೂ ‘ಮರದಿಂ’ ಸಾಕಾಗಿತ್ತು. ಆದರೂ ಐದನೆಯ ಮನೆ ಖಾಲಿ ಉಳಿಯಬಾರದು ಎಂಬ ಒತ್ತಡ ಸಂಸ್ಕೃತದ ಮಾದರಿಯಿಂದ ಬಂದಿತು, ಮೂರು ತುಂಡುಗಳ ಒಂದು ಕಟ್ಟು ಪ್ರತ್ಯಯದ ಜಾಗದಲ್ಲಿ ಕೂತಿತು.

ಇಂದಿನ ಪಠ್ಯಪುಸ್ತಕದ ‘ದೆಸೆಯಿಂದ’ ಇದೇ ಕಟ್ಟಿನ ಹೊಸಗನ್ನಡ ರೂಪ. ಮಕ್ಕಳು ಇದನ್ನು ಪಂಚಮಿ ಎಂದು ಕಲಿಯುತ್ತಾರೆ. ಆದರೆ ನಗರದ ಪೇಟೆಯಲ್ಲಾಗಲಿ, ಬೇರೆಲ್ಲಾಗಲಿ, ‘ಮರದ ದೆಸೆಯಿಂದ ಕಾಯಿ ಬಿತ್ತು’ ಎಂದು ಯಾರೂ ಹೇಳುವುದಿಲ್ಲ. ‘ನಿನ್ನ ದೆಸೆಯಿಂದ ನನಗೆ ಈ ಪಾಡು’ ಎಂದು ಹೇಳುತ್ತಾರೆ. ಅಲ್ಲಿ ಅದರ ಅರ್ಥ ಕಾರಣ, ಅಗಲಿಕೆ ಅಲ್ಲ. ಬದುಕಿರುವ ಮಾತಿನಲ್ಲಿ ಆ ಪದ ಮಾಡುವ ಕೆಲಸವೇ ಬೇರೆ, ಪಟ್ಟಿಯಲ್ಲಿ ಅದಕ್ಕೆ ಹೊರಿಸಿದ ಕೆಲಸವೇ ಬೇರೆ.

ಇಲ್ಲಿ ಸಂಸ್ಕೃತವನ್ನು ದೂರುವುದು ಸುಲಭ, ಆದರೆ ಸಂಸ್ಕೃತದಲ್ಲಿ ಪಂಚಮಿ ಇರುವುದಕ್ಕೆ ಗಟ್ಟಿ ಕಾರಣವಿದೆ. ಆ ಕಾರಣವೇ ನಮ್ಮ ಲೇಖಕರಿಗೆ ಎಲ್ಲಕ್ಕಿಂತ ಉಪಯುಕ್ತ. ಅಲ್ಲಿ ಪಂಚಮಿಯ ಬಹುವಚನ ಚತುರ್ಥಿಯ ಬಹುವಚನದ ಹಾಗೆಯೇ ಇರುತ್ತದೆ. ಏಕವಚನದಲ್ಲೂ ‘ಹರೇಃ’ ಎಂದರೆ ಪಂಚಮಿಯೂ ಹೌದು, ಷಷ್ಠಿಯೂ ಹೌದು. ಅಕಾರಾಂತ ಏಕವಚನದಲ್ಲಿ ಮಾತ್ರ ‘ರಾಮಾಯ’, ‘ರಾಮಾತ್’, ‘ರಾಮಸ್ಯ’ ಎಂದು ಮೂರೂ ಬೇರೆ ಬೇರೆ. ಸರ್ವನಾಮಗಳಲ್ಲೂ ಬೇರೆಯಾಗಿ ಕಾಣುವ ರೂಪಗಳಿವೆ. ಒಂದು ಬಗೆಯ ಪದಗಳಲ್ಲಾದರೂ ರೂಪ ಸ್ಪಷ್ಟವಾಗಿ ಬೇರೆಯಾದರೆ, ಉಳಿದ ಕಡೆ ಅವು ಬೆರೆತುಹೋದರೂ, ಆ ವಿಭಕ್ತಿಯನ್ನು ಬೇರೆ ಎಂದು ಎಣಿಸಲೇಬೇಕು. ಕನ್ನಡದಲ್ಲಿ ‘ಕೊಡಲಿಯಿಂದ ಕಡಿದ’, ‘ಊರಿಂದ ಬಂದ’ ಎಂಬ ಎರಡು ಬಳಕೆಗಳನ್ನು ರೂಪದಲ್ಲಿ ಬೇರೆ ಮಾಡಿ ತೋರಿಸುವ ಒಂದೇ ಒಂದು ನಾಮಪದವಿಲ್ಲ, ಸರ್ವನಾಮವೂ ಇಲ್ಲ. ಸಾಕ್ಷಿ ಒಂದೇ ಪ್ರತ್ಯಯ ಎಂಬುದು ದೋಷವಲ್ಲ. ಆ ಪ್ರತ್ಯಯ ಉಳಿದ ವಿಭಕ್ತಿಗಳ ಸಾಲಿನಲ್ಲಿ, ಅವುಗಳ ನಡತೆಯನ್ನೇ ತೋರಿಸುತ್ತ ನಿಲ್ಲುತ್ತದೆಯೇ ಎಂಬುದೇ ಪ್ರಶ್ನೆ.

ಕೇಶಿರಾಜನ ಪಟ್ಟಿ ಬಹುಕಾಲ ಅಲುಗಾಡಲಿಲ್ಲ. 1604ರಲ್ಲಿ ‘ಶಬ್ದಾನುಶಾಸನ’ ಬರೆದ ಭಟ್ಟಾಕಳಂಕನಿಗೆ ನಗರ ಸೀಮೆಯ ಘಟ್ಟ ಇಳಿದರೆ ಸಿಗುವ ಹಾಡುವಳ್ಳಿಯ ಜೈನ ಮಠದ ನಂಟಿತ್ತು. ಅವನು ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲೇ ಕಟ್ಟಿದ. ಕಿಟ್ಟೆಲ್ 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ, 1903ರಲ್ಲಿ ತನ್ನ ದೊಡ್ಡ ವ್ಯಾಕರಣವನ್ನು ಹೊರತಂದಾಗಲೂ ಕೇಶಿರಾಜನ ಚೌಕಟ್ಟನ್ನೇ ಆಧಾರವಾಗಿ ಇಟ್ಟುಕೊಂಡ.

ಚೌಕಟ್ಟಿನ ಹೊರಗಿನ ಸಾಕ್ಷಿ ಶಾಸನಗಳಿಂದ ಬಂದಿತು. ರೈಸ್ 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ, ಹುಂಚದ ಸಾಂತರರವೂ ಸೇರಿ. ಎ.ಎನ್. ನರಸಿಂಹಯ್ಯನವರು 1941ರಲ್ಲಿ, ಜಿ.ಎಸ್. ಗಾಯಿಯವರು 1946ರಲ್ಲಿ ಶಾಸನಗಳ ಭಾಷೆಯನ್ನೇ ಆಧಾರವಾಗಿಟ್ಟುಕೊಂಡು ವ್ಯಾಕರಣ ಬರೆದರು. ಅಲ್ಲಿಂದ ಮುಂದೆ, ಪಂಡಿತರು ಏನೆಂದರು ಎಂಬುದರ ಜೊತೆಗೆ ಕಲ್ಲಿನಲ್ಲಿ ಏನು ಕೆತ್ತಿದ್ದಾರೆ ಎಂದೂ ಕೇಳುವುದು ರೂಢಿಯಾಯಿತು.

ಆಡುಮಾತಿನ ಸರದಿ ಆಮೇಲೆ ಬಂದಿತು. ಡಿ.ಎನ್. ಶಂಕರ ಭಟ್ಟರು 1971ರಲ್ಲಿ ಹವ್ಯಕ ಕನ್ನಡದ ರೂಪರೇಖೆಯ ವ್ಯಾಕರಣವನ್ನು ಪ್ರಕಟಿಸಿದರು. 2000ದಲ್ಲಿ ಬಂದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕ ಹಳೆಯ ಪಟ್ಟಿಯನ್ನು ನೇರವಾಗಿ ಪ್ರಶ್ನಿಸಿತು. ಕನ್ನಡದ ಒಳಗಿನ ಕಟ್ಟಳೆಗಳನ್ನು ಕನ್ನಡದಿಂದಲೇ ಕಂಡುಕೊಳ್ಳಬೇಕು ಎಂಬ ಅವರ ಹಟದ ಮುಂದೆ ‘ದೆಸೆಯಿಂದ’ ನಿಲ್ಲಲಿಲ್ಲ. ಈ ಕ್ಷೇತ್ರದಲ್ಲಿ ನನ್ನ ತಲೆಮಾರಿನವರು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಆ ಹಟದಿಂದ ಹುಟ್ಟಿದವು.

ಹೊರಗಿನ ಲೋಕದಲ್ಲೂ ಇಂಥದೇ ತಿದ್ದುಪಡಿ ನಡೆಯಿತು. ಕಾಕಸಸ್ ಪರ್ವತಸೀಮೆಯ ದಾಗಿಸ್ತಾನದ ತಬಸರಾನ್ ಭಾಷೆಗೆ ನಲವತ್ತಕ್ಕೂ ಹೆಚ್ಚು ವಿಭಕ್ತಿಗಳಿವೆ ಎಂಬ ಮಾತು ಪ್ರಸಿದ್ಧವಾಗಿತ್ತು. 1998ರಲ್ಲಿ ಬರ್ನಾರ್ಡ್ ಕಾಮ್ರಿ ಮತ್ತು ಮರಿಯಾ ಪೊಲಿನ್ಸ್ಕಿ ಆ ರೂಪಗಳನ್ನು ಬಿಡಿಸಿ ತೋರಿಸಿದರು: ಮೇಲೆ, ಕೆಳಗೆ, ಒಳಗೆ ಎಂದು ಜಾಗ ಹೇಳುವ ಕೆಲವು ಪ್ರತ್ಯಯಗಳು, ಅವುಗಳ ಮೇಲೆ ಹೋಗುವಿಕೆ, ಬರುವಿಕೆ ಹೇಳುವ ಇನ್ನು ಕೆಲವು. ಎರಡನ್ನೂ ಗುಣಿಸಿ ಎಣಿಸಿದ್ದರಿಂದ ಸಂಖ್ಯೆ ಉಬ್ಬಿತ್ತು. ನಾವು ‘ಮೇಲಿಂದ’, ‘ಮೇಲಕ್ಕೆ’, ‘ಒಳಗಿಂದ’, ‘ಒಳಕ್ಕೆ’ ಎಂಬ ಒಂದೊಂದನ್ನೂ ಬೇರೆ ವಿಭಕ್ತಿ ಎಂದು ಎಣಿಸಿದರೆ ನಮಗೂ ಹಾಗೆಯೇ ಆದೀತು.

ಈಗ ‘ತಂಕ’ಕ್ಕೆ ಬರೋಣ. ಲೇಖಕರಿಗೆ ಬರೆದ ಪತ್ರದಲ್ಲಿ ನಾನು ಹೆಚ್ಚು ಜಾಗ ಕೊಟ್ಟದ್ದು ಅವರದೇ ಉದಾಹರಣೆಗಳಿಗೆ. ‘ಮನೆ’, ‘ಸಂಜೆ’, ‘ತೀರ್ಥಹಳ್ಳಿ’ ಈ ಮೂರೂ ಎಕಾರ ಅಥವಾ ಇಕಾರದಲ್ಲಿ ಕೊನೆಯಾಗುವ ಪದಗಳು. ಇಂಥ ಪದಗಳ ಷಷ್ಠಿಯ ‘ಯ’ ಮಾತಿನಲ್ಲಿ ಎಲ್ಲ ಕಡೆಯೂ ಬಿದ್ದುಹೋಗುತ್ತದೆ: ಮನೆ ಬಾಗಿಲು, ತೀರ್ಥಹಳ್ಳಿ ರಸ್ತೆ, ಮನೆ ಹತ್ರ. ‘ಮನೆತಂಕ’ದಲ್ಲಿ ‘ಯ’ ಕಾಣದಿರುವುದು ‘ತಂಕ’ದ ಸಾಧನೆಯಲ್ಲ, ಷಷ್ಠಿಯ ಸಾಮಾನ್ಯ ನಡತೆ. ನಿಜವಾದ ಪರೀಕ್ಷೆ ಬೇರೆ ಬಗೆಯ ಪದಗಳಲ್ಲಿದೆ. ಅದಕ್ಕೆ ಬೇಕಾದ ಪದಗಳು ಇದೇ ಸೀಮೆಯ ಊರುಗಳ ಹೆಸರುಗಳಲ್ಲಿವೆ. ಸಾಗರ, ಹೊಸನಗರ, ಹುಂಚ ಅಕಾರಾಂತ, ಹೆಗ್ಗೋಡು ಉಕಾರಾಂತ. ಮಾತಿನಲ್ಲಿ ಬರುವುದು ‘ಹೊಸನಗರದ ತಂಕ’, ‘ಹೆಗ್ಗೋಡಿನ ತಂಕ’. ‘ದ’ ಮತ್ತು ‘ಇನ’ ಹಾಗೆಯೇ ಉಳಿಯುತ್ತವೆ, ‘ಹೊಸನಗರದ ಹತ್ರ’ ಎನ್ನುವಾಗ ಉಳಿದ ಹಾಗೆ. ಸರ್ವನಾಮದಲ್ಲೂ ‘ನನ್ನ ತಂಕ’ ಎಂದು ಷಷ್ಠಿಯ ರೂಪವೇ ಬರುತ್ತದೆ.

ಇದನ್ನು ಚತುರ್ಥಿಯ ಜೊತೆ ಇಟ್ಟು ನೋಡಬೇಕು. ಹೊಸನಗರಕ್ಕೆ, ಹೆಗ್ಗೋಡಿಗೆ, ತೀರ್ಥಹಳ್ಳಿಗೆ, ಅವನಿಗೆ, ನನಗೆ. ಪದದ ಬಗೆ ಬದಲಾದಂತೆ ಪ್ರತ್ಯಯವೂ ‘ಕ್ಕೆ’, ‘ಇಗೆ’, ‘ಗೆ’ ಎಂದು ಬದಲಾಗುತ್ತದೆ. ‘ನನಗೆ’ಯಲ್ಲಿ ಹಿಂದಿನ ಪದದ ರೂಪವೇ ಬದಲಾಗಿ ‘ನನ್ನ’ ಎಂಬುದರ ಒತ್ತಕ್ಷರ ಕಳಚಿಹೋಗುತ್ತದೆ. ಪ್ರತ್ಯಯ ಪದದೊಳಗೆ ಬೆರೆತಿದೆ ಎಂಬುದಕ್ಕೆ ಇಂಥದ್ದು ಗುರುತು. ‘ತಂಕ’ ಯಾವ ಪದದ ಮುಂದೆಯೂ ಬದಲಾಗುವುದಿಲ್ಲ, ಯಾವ ಪದವನ್ನೂ ಬದಲಿಸುವುದಿಲ್ಲ.

ಇನ್ನೊಂದು ಪರೀಕ್ಷೆ ಕ್ರಿಯಾಪದದ್ದು. ‘ಬರೋ’ ಎಂಬ ಕೃದಂತಕ್ಕೆ ವಿಭಕ್ತಿ ಸೇರಬೇಕಾದರೆ ನಡುವೆ ‘ಅದು’ ಬೇಕು: ಬರೋದರಿಂದ, ಬರೋದರಲ್ಲಿ. ಆದರೆ ‘ನೀ ಬರೋತಂಕ ಕಾಯ್ತೀನಿ’ ಎಂದು ನೇರವಾಗಿ ಹೇಳುತ್ತೇವೆ, ‘ಬರೋ ಹಾಗೆ’, ‘ಬರೋ ಮುಂಚೆ’ ಎನ್ನುವಂತೆ. ಇಲ್ಲಿ ‘ತಂಕ’ದ ಸಂಗಡಿಗರು ಹಾಗೆ, ಮುಂಚೆ ಎಂಬ ಅವ್ಯಯಗಳು. ಜೊತೆಗೆ, ಕನ್ನಡದ ಯಾವ ಕ್ರಿಯಾಪದವೂ ತನ್ನ ನಾಮಪದಕ್ಕೆ ‘ತನಕ’ ಇರಲೇಬೇಕು ಎಂದು ಪಟ್ಟು ಹಿಡಿಯುವುದಿಲ್ಲ. ಹೆದರುವುದಕ್ಕೆ ಚತುರ್ಥಿ ಬೇಕು, ‘ಹಾವಿಗೆ ಹೆದರಿದ’. ಸಂಸ್ಕೃತದಲ್ಲಿ ಅದೇ ಭಯಕ್ಕೆ ಪಂಚಮಿ. ಇಂಥ ಹಿಡಿತ ‘ತಂಕ’ಕ್ಕಿಲ್ಲ.

ಲೇಖಕರು ಬಳಸಿದ ಒಂದು ಪರೀಕ್ಷೆಯನ್ನು ಮಾತ್ರ ಕೈಬಿಡಲು ಹೇಳಿದ್ದೇನೆ. ಎರಡು ನಾಮಪದಗಳ ಕೊನೆಗೆ ಒಂದೇ ಸಲ ಬಂದರೆ ಅದು ಪ್ರತ್ಯಯವಲ್ಲ, ಬಿಡಿ ಪದ ಎಂಬುದು ಬೇರೆ ಭಾಷೆಗಳಲ್ಲಿ ನಡೆಯುವ ವಾದ. ಕನ್ನಡದಲ್ಲಿ ‘ರಾಮ ಮತ್ತು ಕೃಷ್ಣನಿಗೆ’ ಎಂದು ನಿಸ್ಸಂದೇಹವಾದ ವಿಭಕ್ತಿಯನ್ನೂ ಒಂದೇ ಸಲ ಹಚ್ಚುವುದುಂಟು. ಹಾಗಾಗಿ ಆ ಪರೀಕ್ಷೆ ಇಲ್ಲಿ ಅವರ ಪರವಾಗಿಯೂ ಏನನ್ನೂ ಹೇಳುವುದಿಲ್ಲ, ವಿರುದ್ಧವಾಗಿಯೂ ಹೇಳುವುದಿಲ್ಲ.

ಹಾಗೆಂದು ‘ತಂಕ’ದ ಕಥೆ ಮುಗಿದಿಲ್ಲ. ಮೂರಕ್ಷರದ ಪದ ಸವೆದು ಎರಡಕ್ಷರವಾಗಿದೆ, ಹಿಂದಿನ ಪದದ ಉಸಿರಿನಲ್ಲೇ ಸೇರಿ ಉಚ್ಚಾರವಾಗುತ್ತಿದೆ. ಪದಗಳು ಪ್ರತ್ಯಯಗಳಾಗುವುದು ಇದೇ ದಾರಿಯಲ್ಲಿ. ಸಪ್ತಮಿಯ ಇಂದಿನ ‘ಅಲ್ಲಿ’ ಕೂಡ ಜಾಗ ಹೇಳುವ ಪದವಾಗಿ ಈಗಲೂ ತಾನೇ ಬಿಡಿಯಾಗಿ ನಿಲ್ಲಬಲ್ಲದು; ಹಳೆಯ ‘ಒಳ್’ ಇದ್ದ ಜಾಗಕ್ಕೆ ಅದು ಬಂದು ಕೂತಿತು. ಆದರೆ ‘ಹೊಸನಗರದಲ್ಲಿ’ಯನ್ನು ಇಂದು ಯಾರೂ ‘ಹೊಸನಗರದ ಅಲ್ಲಿ’ ಎಂದು ಬಿಡಿಸಿ ಹೇಳುವುದಿಲ್ಲ. ‘ತಂಕ’ ಆ ಹಂತ ಮುಟ್ಟಿದೆಯೇ ಎಂಬುದನ್ನು ಮನೆ, ಸಂಜೆಗಳಿಂದ ತೋರಿಸಲಾಗದು.

ಸಂಪಾದಕರಿಗೆ ನನ್ನ ಶಿಫಾರಸು ಇಷ್ಟು. ಲೇಖನವನ್ನು ತಿರಸ್ಕರಿಸಬೇಡಿ, ಈಗಿರುವಂತೆ ಅಚ್ಚು ಮಾಡಲೂ ಬೇಡಿ. ಶೀರ್ಷಿಕೆಯಲ್ಲಿ ‘ಎಂಟನೆಯ ವಿಭಕ್ತಿ’ ಬೇಡ, ‘ತನಕ ಎಂಬ ಅವ್ಯಯದ ಸವೆತ’ ಎಂದಿರಲಿ. ಅಕಾರಾಂತ, ಉಕಾರಾಂತ ಪದಗಳನ್ನು ಮತ್ತು ಸರ್ವನಾಮಗಳನ್ನು ಮೂರೂ ತಾಲ್ಲೂಕಿನ, ಬೇರೆ ಬೇರೆ ವಯಸ್ಸಿನ ಮಾತುಗಾರರಿಂದ, ಓದಿಸಿ ಅಲ್ಲ, ಹರಟೆಯಲ್ಲಿ ಧ್ವನಿಮುದ್ರಿಸಿಕೊಂಡು ಲೇಖಕರು ಮತ್ತೆ ಬರಲಿ. ‘ಹೊಸನಗರತಂಕ’ ಎಂದು ‘ದ’ ಬಿಟ್ಟು ಮಾತಾಡುವವರು ಒಂದೆರಡು ಮನೆಗಳಲ್ಲಲ್ಲ, ಊರೂರಲ್ಲಿ ಸಿಕ್ಕರೆ, ಆಗ ವಿಭಕ್ತಿಯ ಮಾತನ್ನು ಮತ್ತೆ ಎತ್ತಲು ಅವರಿಗೆ ಪೂರ್ತಿ ಹಕ್ಕಿದೆ. ಆ ಲೇಖನವನ್ನು ಪರಿಶೀಲಿಸಲು ನಾನು ಸಿದ್ಧ.