ಶಾಲಾ ಕಚೇರಿಯ ಕಡತಗಳು ಮತ್ತು ದತ್ತಸಂಚಯ

ಗಣಕಯಂತ್ರವು ಕಚೇರಿಗಳನ್ನು ಪ್ರವೇಶಿಸಿದ 1950ರ ದಶಕದಲ್ಲಿ ಅದು ಕಾಗದದ ವಹಿಗಳ ಕ್ರಮವನ್ನೇ ಕಾಂತೀಯ ಪಟ್ಟಿಗಳ ಮೇಲೆ ಅನುಸರಿಸಿತು; ವೇತನಕ್ಕೊಂದು, ದಾಸ್ತಾನಿಗೊಂದು ಎಂಬಂತೆ ಪ್ರತಿಯೊಂದು ಕಾರ್ಯಕ್ಕೂ ಪ್ರತ್ಯೇಕ ಕಡತವಿದ್ದು, ಒಂದೇ ಸಂಗತಿ ಹಲವೆಡೆ ಬರೆಯಲ್ಪಡುತ್ತಿತ್ತು. ಈ ಪುನರುಕ್ತಿಯಿಂದ ಸ್ಥಳ ವ್ಯರ್ಥವಾಗುವುದು ಅಲ್ಪದೋಷ. ಪ್ರತಿಗಳು ಪರಸ್ಪರ ವಿರುದ್ಧವಾಗಿ ನುಡಿಯತೊಡಗುವುದೇ ಮಹಾದೋಷ.

ಇಂದಿಗೂ ಎಷ್ಟೋ ಪ್ರೌಢಶಾಲೆಗಳಲ್ಲಿ ಈ ಸ್ಥಿತಿಯೇ ಉಂಟು. ದಾಖಲಾತಿ ಸಂಖ್ಯೆ 214ರ ವಿದ್ಯಾರ್ಥಿನಿಯೊಬ್ಬಳು 2010ನೆಯ ಇಸವಿಯ ಆಗಸ್ಟ್ 5ರಂದು ಜನಿಸಿದವಳೆಂದು ಭಾವಿಸೋಣ. ದಾಖಲಾತಿ ರಿಜಿಸ್ಟರಿನಲ್ಲಿ ಅದು ಸರಿಯಾಗಿಯೇ ಇದೆ. ಆದರೆ ಶುಲ್ಕದ ಗುಮಾಸ್ತರು ತಮ್ಮ ಎಕ್ಸೆಲ್ ಹಾಳೆಯಲ್ಲಿ 05/08/2010 ಎಂದು ಬೆರಳಚ್ಚಿಸಿದಾಗ, ಅಮೆರಿಕದ ಪದ್ಧತಿಗೆ ಹೊಂದಿಸಿದ ಆ ಗಣಕವು ಅದನ್ನು ಮೇ 8 ಎಂದು ಗ್ರಹಿಸುತ್ತದೆ. ತಿಂಗಳ 12ನೆಯ ತಾರೀಖಿನವರೆಗೆ ಹುಟ್ಟಿದವರಿಗೆ ಮಾತ್ರ ಈ ಪಲ್ಲಟ ಸದ್ದಿಲ್ಲದೆ ಸಂಭವಿಸುತ್ತದೆ. 12ರ ನಂತರದ ದಿನಾಂಕಗಳನ್ನು ಯಂತ್ರವು ದಿನಾಂಕವೆಂದೇ ಅರಿಯದೆ ಬರಿಯ ಅಕ್ಷರವೆಂದು ಎಡಕ್ಕೆ ಸರಿಸಿ ನಿಲ್ಲಿಸುತ್ತದೆ. ಒಂದೇ ಅಂಕಣದಲ್ಲಿ ಕೆಲವು ಎಡಕ್ಕೂ ಕೆಲವು ಬಲಕ್ಕೂ ವಾಲಿರುವುದನ್ನು ಕಂಡರೆ ಈ ದೋಷವನ್ನು ಶಂಕಿಸಬೇಕು. ಇದನ್ನರಿಯದೆ ಎಸ್.ಎಸ್.ಎಲ್.ಸಿ. ನಾಮಪಟ್ಟಿಯನ್ನು ಆ ಹಾಳೆಯಿಂದಲೇ ಸಿದ್ಧಪಡಿಸಿದರೆ, ಅಂಕಪಟ್ಟಿಯಲ್ಲೊಂದು, ವರ್ಗಾವಣೆ ಪತ್ರದಲ್ಲಿ ಇನ್ನೊಂದು ಜನ್ಮದಿನವಾಗಿ, ಆ ಬಾಲೆ ತಿದ್ದುಪಡಿಗಾಗಿ ಅಲೆಯಬೇಕಾಗುತ್ತದೆ.

ಇಂಥ ಕಡತಗಳನ್ನು ಏಕತ್ರಗೊಳಿಸುವ ಪ್ರಯತ್ನವನ್ನು 1960ರ ದಶಕದ ಆದಿಯಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚಾರ್ಲ್ಸ್ ಬಾಕ್‌ಮನ್ ಕೈಗೊಂಡರು. ಆದರೆ ಅವರ ವ್ಯವಸ್ಥೆಯಲ್ಲಿ ದಾಖಲೆಯಿಂದ ದಾಖಲೆಗೆ ಸಾಗುವ ದಾರಿಯನ್ನು ಕ್ರಮವಿಧಿ ಬರೆಯುವವರೇ ಬಲ್ಲವರಾಗಿರಬೇಕಿತ್ತು. 1970ರಲ್ಲಿ ಐ.ಬಿ.ಎಂ.ನ ಎಡ್ಗರ್ ಕಾಡ್ ಅವರು, ದತ್ತಾಂಶವನ್ನು ಸರಳ ಕೋಷ್ಟಕಗಳಲ್ಲಿರಿಸಿ, ಕೋಷ್ಟಕಗಳ ನಡುವಣ ಸಂಬಂಧವನ್ನು ಅವುಗಳಲ್ಲಿರುವ ಮೌಲ್ಯಗಳಿಂದಲೇ ಸೂಚಿಸಬಹುದೆಂದು ಪ್ರತಿಪಾದಿಸಿದ ಮೇಲೆ ಆ ಭಾರವೂ ಇಳಿಯಿತು. ಈ ಕ್ಷೇತ್ರದಲ್ಲಿ ಇದಕ್ಕಿಂತ ಫಲಪ್ರದವಾದ ವಿಚಾರವನ್ನು ನಾನು ಕಾಣೆ.

ಈ ಕ್ರಮದಲ್ಲಿ ನಮ್ಮ ವಿದ್ಯಾರ್ಥಿನಿಯ ಹೆಸರೂ ಜನ್ಮದಿನವೂ ವಿದ್ಯಾರ್ಥಿ ಕೋಷ್ಟಕದ ಒಂದೇ ಸಾಲಿನಲ್ಲಿರುತ್ತವೆ. ಶುಲ್ಕದ ಕೋಷ್ಟಕದಲ್ಲಿ 214 ಎಂಬ ಸಂಖ್ಯೆ, ಮೊತ್ತ, ಪಾವತಿಯ ದಿನ ಇವಿಷ್ಟೇ. ನಾಮಪಟ್ಟಿಯೂ ವರ್ಗಾವಣೆ ಪತ್ರವೂ ಆ ಒಂದೇ ಸಾಲಿನಿಂದ ಹೊರಡುವುದರಿಂದ ಅವು ಭಿನ್ನವಾಗಲು ಅವಕಾಶವಿಲ್ಲ. ಸಂಬಂಧದ ನಿಯಮವನ್ನು ವಿಧಿಸಿದ್ದರೆ, ಶಾಲೆಯಲ್ಲಿಲ್ಲದ ಸಂಖ್ಯೆಗೆ ಶುಲ್ಕ ಬರೆಯಹೊರಟಾಗ ವ್ಯವಸ್ಥೆಯೇ ನಿರಾಕರಿಸುತ್ತದೆ. ಆದರೂ ಆ ಒಂದು ಸಾಲನ್ನೇ ತಪ್ಪಾಗಿ ಬರೆದರೆ ತಪ್ಪು ಎಲ್ಲೆಡೆಯೂ ಏಕರೂಪವಾಗಿ ಹರಡುವುದರಿಂದ, ಮೊದಲ ನಮೂದನ್ನು ಜನನ ಪ್ರಮಾಣಪತ್ರದೊಡನೆ ತಾಳೆನೋಡುವ ಕೆಲಸ ಮನುಷ್ಯರದೇ.

ಹಾಗೆಂದು ಸರ್ವ ಪುನರುಕ್ತಿಯೂ ತ್ಯಾಜ್ಯವಲ್ಲ. ಒಂಬತ್ತನೆಯ ತರಗತಿಯ ಶುಲ್ಕದರ ಬದಲಾದಾಗ ಹೋದ ವರ್ಷದ ರಸೀದಿಯ ಮೊತ್ತವೂ ಬದಲಾಗಕೂಡದು. ಆದ್ದರಿಂದ ದರವು ತರಗತಿಯ ಕೋಷ್ಟಕದಲ್ಲಿದ್ದರೂ, ಅಂದು ವಸ್ತುತಃ ಪಡೆದ ಹಣವನ್ನು ಶುಲ್ಕದ ಸಾಲಿನಲ್ಲಿ ಪ್ರತ್ಯೇಕವಾಗಿ ಬರೆದಿಡಲೇಬೇಕು.