ಉಪನ್ಯಾಸದ ವಿಡಿಯೊ: ಸ್ಲೈಡಿನ ಭಾಗವನ್ನಷ್ಟೇ ಕತ್ತರಿಸಿಕೊಳ್ಳುವ ಕ್ರಮ

ಸಭಾಂಗಣದ ಹಿಂಬದಿಯಲ್ಲಿ ಕ್ಯಾಮೆರಾ ನಿಲ್ಲಿಸಿ ಚಿತ್ರೀಕರಿಸಿದ ಉಪನ್ಯಾಸಗಳಲ್ಲಿ ಓದಬೇಕಾದ ಅಂಶವೆಲ್ಲ ಚಿತ್ರದ ಒಂದು ಪಕ್ಕದಲ್ಲಿ ಮಾತ್ರ ಇರುತ್ತದೆ. ಉಳಿದ ಜಾಗವನ್ನು ಗೋಡೆ, ವೇದಿಕೆ ಹಾಗೂ ಮುಂದಿನ ಸಾಲಿನವರ ತಲೆಗಳು ಆಕ್ರಮಿಸಿಕೊಂಡಿರುತ್ತವೆ. ಕಂಪ್ಯೂಟರಿನ ತೆರೆಯಲ್ಲಿ ಹೇಗೋ ಓದಬಹುದಾದ ಸ್ಲೈಡು ಮೊಬೈಲ್‌ನಲ್ಲಿ ತೀರಾ ಚಿಕ್ಕದಾಗುತ್ತದೆ. ಸೂತ್ರದಲ್ಲಿರುವ ಅಂಕಿ 1 ಅಥವಾ 7 ಎಂಬುದು ತಿಳಿಯದೆ ವಿದ್ಯಾರ್ಥಿ ತಪ್ಪಾಗಿ ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಇಂತಹ ವಿಡಿಯೊದಿಂದ ಸ್ಲೈಡು ಅಥವಾ ಕರಿಹಲಗೆಯ ಭಾಗವನ್ನಷ್ಟೇ ಉಳಿಸಿಕೊಂಡು ಸುತ್ತಲಿನದನ್ನು ತೆಗೆದುಹಾಕುವ ಕ್ರಿಯೆಗೆ ಕ್ರಾಪ್ ಎನ್ನುತ್ತಾರೆ. ಇದರಿಂದ ವಿಡಿಯೊದ ಅವಧಿ ಕಡಿಮೆಯಾಗುವುದಿಲ್ಲ. ಚಿತ್ರದ ಅಂಚುಗಳು ಮಾತ್ರ ಹೋಗುತ್ತವೆ.

ಲಾಭ ಎಷ್ಟು, ಮಿತಿ ಎಲ್ಲಿ?

ಕ್ರಾಪ್ ಮಾಡುವುದರಿಂದ ಅಕ್ಷರಗಳು ದೊಡ್ಡದಾಗಿ ಕಾಣುತ್ತವೆಯೇ ಹೊರತು ಹೆಚ್ಚು ಸ್ಪಷ್ಟವಾಗುವುದಿಲ್ಲ. ಮೂಲ ಚಿತ್ರದಲ್ಲಿ ಎಂಟು ಪಿಕ್ಸೆಲ್ ಎತ್ತರವಿದ್ದ ಅಕ್ಷರ ಕತ್ತರಿಸಿದ ಬಳಿಕವೂ ಎಂಟು ಪಿಕ್ಸೆಲ್‌ನದೇ ಆಗಿರುತ್ತದೆ. ಆದುದರಿಂದ ಮೊದಲು ಮೂಲ ವಿಡಿಯೊವನ್ನು ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರದಲ್ಲಿ ನಿಲ್ಲಿಸಿ, ಸ್ಲೈಡಿನ ಅತಿ ಚಿಕ್ಕ ಅಕ್ಷರವನ್ನು ಓದಲು ಪ್ರಯತ್ನಿಸಬೇಕು. ಅಲ್ಲಿ ಓದಲಾಗದ್ದನ್ನು ಕ್ರಾಪ್ ಓದಿಸಲಾರದು. ವಾಟ್ಸ್‌ಆಪ್ ಮೂಲಕ ವಿಡಿಯೊವಾಗಿ ಬಂದ ಪ್ರತಿಯಲ್ಲಿ ಸೂಕ್ಷ್ಮ ಗೆರೆಗಳು ಆಗಲೇ ಕರಗಿರುತ್ತವೆ. ಸಾಧ್ಯವಾದರೆ ಕ್ಯಾಮೆರಾದಿಂದ ಬಂದ ಮೂಲ ಕಡತವನ್ನೇ ಕೇಳಿ ಪಡೆಯುವುದು ಒಳಿತು.

ಅಳತೆ ತೆಗೆಯುವ ಬಗೆ

ಅಗಲ 1920, ಎತ್ತರ 1080 ಪಿಕ್ಸೆಲ್ ಇರುವ ಒಂದು ಗಂಟೆಯ ಉಪನ್ಯಾಸವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಲ್ಲಿ ಬಳಸುವುದು ಎಫ್‌ಎಫ್‌ಎಂಪೆಗ್ ಎಂಬ ಉಚಿತ ಮುಕ್ತ ತಂತ್ರಾಂಶ. ಅದಕ್ಕೆ ಆದೇಶಗಳನ್ನು ಟೈಪ್ ಮಾಡಿ ಕೊಡಬೇಕಾಗುತ್ತದೆ. ಮೊದಲ ಆದೇಶ ಹತ್ತನೇ ನಿಮಿಷದ ಒಂದು ಸ್ಥಿರಚಿತ್ರವನ್ನು ಹೊರತೆಗೆಯುತ್ತದೆ:

```
ffmpeg -ss 00:10:00 -i lecture.mp4 -frames:v 1 frame.png
```

ಈ ಚಿತ್ರವನ್ನು ವಿಂಡೋಸ್‌ನ ಪೇಂಟ್‌ನಲ್ಲಿ ತೆರೆದು, ಮೌಸ್‌ನ ಬಾಣವನ್ನು ಸ್ಲೈಡಿನ ಮೂಲೆಯ ಮೇಲಿಟ್ಟರೆ ಆ ಬಿಂದುವಿನ ಸ್ಥಾನ ಕೆಳಪಟ್ಟಿಯಲ್ಲಿ ಕಾಣುತ್ತದೆ. ಎಣಿಕೆ ಚಿತ್ರದ ಮೇಲಿನ ಎಡಮೂಲೆಯಿಂದ ಆರಂಭವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಸ್ಲೈಡಿನ ಮೇಲಿನ ಎಡಮೂಲೆ 742, 96ರಲ್ಲಿಯೂ ಕೆಳಗಿನ ಬಲಮೂಲೆ 1690, 640ರಲ್ಲಿಯೂ ಇದೆ ಎಂದುಕೊಳ್ಳೋಣ. ಅಂದರೆ ಸ್ಲೈಡಿನ ಅಗಲ 948, ಎತ್ತರ 544 ಪಿಕ್ಸೆಲ್.

ಸ್ಲೈಡಿನ ಅಂಚಿಗೆ ಸರಿಯಾಗಿ ಕತ್ತರಿಸುವುದು ಜಾಣತನವಲ್ಲ. ಕ್ಯಾಮೆರಾ ಸ್ವಲ್ಪ ಅಲುಗಿದರೂ ಒಂದು ಸಾಲು ಹೊರಗುಳಿಯುತ್ತದೆ. ಉಪನ್ಯಾಸಕರು ಅಂಚಿನಿಂದ ಕೈಚಾಚಿ ತೋರಿಸಿದ್ದೂ ಕಾಣದಾಗುತ್ತದೆ. ಸುತ್ತ ತುಸು ಜಾಗ ಬಿಟ್ಟು, ಮೊಬೈಲ್ ಮತ್ತು ಟಿ.ವಿ.ಗಳಲ್ಲಿ ಸಾಮಾನ್ಯವಾದ 16:9ರ ಪ್ರಮಾಣಕ್ಕೆ ಹೊಂದುವಂತೆ 1024 ಅಗಲ, 576 ಎತ್ತರದ ಚೌಕಟ್ಟನ್ನು ಆರಿಸಬಹುದು. ಅಗಲದಲ್ಲಿ ಹೆಚ್ಚುವರಿ ಉಳಿಯುವುದು 76 ಪಿಕ್ಸೆಲ್, ಪ್ರತಿ ಬದಿಗೆ 38. ಎತ್ತರದಲ್ಲಿ ಉಳಿಯುವುದು 32, ಮೇಲೆ ಮತ್ತು ಕೆಳಗೆ 16ರಂತೆ. ಆದ್ದರಿಂದ ಚೌಕಟ್ಟಿನ ಆರಂಭ 704, 80.

ನಾಲ್ಕೂ ಸಂಖ್ಯೆಗಳು ಸಮಸಂಖ್ಯೆಗಳಾಗಿರಲಿ. ಬಹುತೇಕ ವಿಡಿಯೊಗಳಲ್ಲಿ ಬಣ್ಣದ ಮಾಹಿತಿ ಎರಡೆರಡು ಪಿಕ್ಸೆಲ್‌ಗಳಿಗೆ ಒಟ್ಟಾಗಿ ದಾಖಲಾಗಿರುವುದರಿಂದ ಬೆಸಸಂಖ್ಯೆ ಕೊಟ್ಟರೆ ತಂತ್ರಾಂಶ ಅದನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಇಲ್ಲವೇ ದೋಷ ತೋರಿಸಿ ನಿಲ್ಲುತ್ತದೆ.

ಕತ್ತರಿಸುವ ಮುನ್ನ ಪರೀಕ್ಷೆ

ಹತ್ತನೇ ನಿಮಿಷಕ್ಕೆ ಸರಿಹೊಂದಿದ ಚೌಕಟ್ಟು ನಲವತ್ತನೇ ನಿಮಿಷಕ್ಕೂ ಹೊಂದುತ್ತದೆ ಎಂಬ ಖಾತರಿಯಿಲ್ಲ. ಈ ಕೆಲಸದಲ್ಲಿ ಹೆಚ್ಚಿನ ತಪ್ಪು ಸಂಭವಿಸುವುದು ಇಲ್ಲಿಯೇ. ಕ್ಯಾಮೆರಾ ನಿರ್ವಾಹಕರು ಉಪನ್ಯಾಸಕರನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗಿಸಿದ್ದರೆ ಸ್ಲೈಡಿನ ಅರ್ಧಭಾಗ ಕತ್ತರಿಗೆ ಬಲಿಯಾಗಿರುತ್ತದೆ. ಇದನ್ನು ಮೊದಲೇ ತಿಳಿಯಲು ಐದು ನಿಮಿಷಕ್ಕೊಂದರಂತೆ ಕತ್ತರಿಸಿದ ಸ್ಥಿರಚಿತ್ರಗಳನ್ನು ತೆಗೆಯಬೇಕು:

```
ffmpeg -i lecture.mp4 -vf "crop=1024:576:704:80,fps=1/300" check_%02d.png
```

`crop=` ಮುಂದಿನ ಸಂಖ್ಯೆಗಳು ಕ್ರಮವಾಗಿ ಅಗಲ, ಎತ್ತರ, ಎಡಗಡೆಯಿಂದ ದೂರ ಮತ್ತು ಮೇಲಿನಿಂದ ದೂರವನ್ನು ಸೂಚಿಸುತ್ತವೆ. 300 ಎಂಬುದು ಸೆಕೆಂಡುಗಳ ಲೆಕ್ಕ. ಒಂದು ಗಂಟೆಯ ವಿಡಿಯೊಗೆ ಸುಮಾರು 12 ಚಿತ್ರಗಳು ದೊರೆಯುತ್ತವೆ. ಅವುಗಳನ್ನು ಒಂದರ ನಂತರ ಒಂದು ನೋಡಿದರೆ ಚೌಕಟ್ಟು ಎಲ್ಲಿ ಜಾರಿತೆಂಬುದು ಕೂಡಲೇ ತಿಳಿಯುತ್ತದೆ. ಜಾರಿದ್ದರೆ ಆ ನಿಮಿಷದಲ್ಲಿ ವಿಡಿಯೊವನ್ನು ಎರಡು ಭಾಗ ಮಾಡಿ, ಎರಡನೆಯದಕ್ಕೆ ಬೇರೆ ಆರಂಭಬಿಂದು ಕೊಡಬೇಕು. ಅಗಲ ಮತ್ತು ಎತ್ತರ ಎರಡೂ ಭಾಗಗಳಲ್ಲಿ ಒಂದೇ ಆಗಿದ್ದರೆ ನಂತರ ಜೋಡಿಸುವುದು ಸುಲಭ.

ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದರೆ ಅಂತಿಮ ಆದೇಶ ಹೀಗಿರುತ್ತದೆ:

```
ffmpeg -i lecture.mp4 -vf "crop=1024:576:704:80" -c:v libx264 -crf 20 -c:a copy slide.mp4
```

ಇಲ್ಲಿ ಧ್ವನಿ ಮೂಲದಿಂದ ಹಾಗೆಯೇ ನಕಲಾಗುತ್ತದೆ. ಚಿತ್ರ ಮಾತ್ರ ಹೊಸದಾಗಿ ಸಂಕುಚಿತಗೊಳ್ಳುವುದರಿಂದ ಕೆಲಸಕ್ಕೆ ಸಮಯ ಹಿಡಿಯುತ್ತದೆ. `-crf` ಮುಂದಿನ ಸಂಖ್ಯೆ ಕಡಿಮೆಯಾದಷ್ಟು ಚಿತ್ರದ ಗುಣಮಟ್ಟವೂ ಕಡತದ ಗಾತ್ರವೂ ಹೆಚ್ಚುತ್ತವೆ. ತಂತ್ರಾಂಶ ತಾನಾಗಿ ಆರಿಸುವ ಸಂಖ್ಯೆ 23. ಕತ್ತರಿಸಿದ ಚಿತ್ರವನ್ನು ಮತ್ತೆ 1920 ಪಿಕ್ಸೆಲ್‌ಗೆ ಹಿಗ್ಗಿಸುವ ಅಗತ್ಯವಿಲ್ಲ. ತೆರೆಗೆ ತಕ್ಕಂತೆ ಹಿಗ್ಗಿಸುವ ಕೆಲಸವನ್ನು ಮೊಬೈಲ್ ತಾನೇ ಮಾಡುತ್ತದೆ.

ಫಲಿತಾಂಶವನ್ನು ಹೀಗೆ ಅಳೆಯಬಹುದು. ಮೊಬೈಲ್ ತೆರೆಯ ಮೇಲೆ ವಿಡಿಯೊ 14 ಸೆಂಟಿಮೀಟರ್ ಅಗಲವಾಗಿ ಮೂಡುತ್ತದೆ ಎಂದಾದರೆ, ಮೊದಲು ಅದರಲ್ಲಿ ಸ್ಲೈಡಿನ ಪಾಲು ಸುಮಾರು 7 ಸೆಂಟಿಮೀಟರ್ ಮಾತ್ರ ಇತ್ತು. ಈಗ ಅದು ಸುಮಾರು 13 ಸೆಂಟಿಮೀಟರ್ ಆಗುತ್ತದೆ.

ಕರಿಹಲಗೆಯ ತೊಡಕು

ಸ್ಲೈಡು ಇದ್ದಲ್ಲಿಯೇ ಇರುತ್ತದೆ, ಆದರೆ ಕರಿಹಲಗೆಯ ಬರವಣಿಗೆ ಎಡದಿಂದ ಬಲಕ್ಕೆ ಸರಿಯುತ್ತ ಹೋಗುತ್ತದೆ. ಗೋಡೆಯುದ್ದಕ್ಕೂ ಹಬ್ಬಿದ ಹಲಗೆಯನ್ನು ಪೂರ್ತಿಯಾಗಿ ಚೌಕಟ್ಟಿಗೆ ತಂದರೆ ಅಗಲ ಉಳಿದುಕೊಳ್ಳುವುದರಿಂದ ಅಕ್ಷರ ಹೆಚ್ಚೇನೂ ದೊಡ್ಡದಾಗುವುದಿಲ್ಲ. ಎಡಭಾಗವನ್ನಷ್ಟೇ ಆರಿಸಿದರೆ ಉಪನ್ಯಾಸಕರು ಬಲಕ್ಕೆ ಸರಿದ ಕ್ಷಣದಿಂದ ಖಾಲಿ ಹಲಗೆಯೋ ಹಳೆಯ ಬರಹವೋ ಕಾಣುತ್ತಿರುತ್ತದೆ, ವಿವರಣೆ ಮಾತ್ರ ಮುಂದುವರಿಯುತ್ತದೆ. ಇಂತಹ ಕಡೆ ಅವರು ಹಲಗೆಯ ಒಂದು ಭಾಗದಿಂದ ಮತ್ತೊಂದಕ್ಕೆ ಹೋದ ಸಮಯಗಳನ್ನು ಗುರುತು ಹಾಕಿಕೊಂಡು, ಪ್ರತಿ ಭಾಗಕ್ಕೂ ಪ್ರತ್ಯೇಕ ಚೌಕಟ್ಟು ಕೊಡುವುದೇ ಸರಿಯಾದ ಮಾರ್ಗ. ಹಿಂದೆ ಬರೆದ ಸಮೀಕರಣಕ್ಕೆ ಪದೇ ಪದೇ ಮರಳುವ ಉಪನ್ಯಾಸಗಳಿಗೆ ಈ ಕ್ರಮವೂ ಒಗ್ಗದು. ಅವುಗಳನ್ನು ಇಡಿಯಾಗಿಯೇ ಬಿಡುವುದು ಲೇಸು.

ಕೇವಲ ತಮ್ಮ ವೀಕ್ಷಣೆಗೆ ಬೇಕಾದವರು ಹೊಸ ಕಡತ ಮಾಡಬೇಕಿಲ್ಲ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ವಿಡಿಯೊ ಪರಿಣಾಮಗಳ ಕಿಟಕಿಯ ಕ್ರಾಪ್ ವಿಭಾಗಕ್ಕೆ ನಾಲ್ಕು ಬದಿಗಳಿಂದ ಕಳೆಯಬೇಕಾದ ಪಿಕ್ಸೆಲ್ ಸಂಖ್ಯೆ ಕೊಟ್ಟರೆ ಮೂಲ ಕಡತಕ್ಕೆ ಧಕ್ಕೆಯಿಲ್ಲದೆ ಅಷ್ಟೇ ಭಾಗ ಕಾಣುತ್ತದೆ. ಮೇಲಿನ ಉದಾಹರಣೆಗೆ ಅವು ಎಡದಿಂದ 704, ಮೇಲಿನಿಂದ 80, ಬಲದಿಂದ 192, ಕೆಳಗಿನಿಂದ 424. ಹೊಸ ಕಡತ ಮಾಡಿ ಹಂಚುವವರು ಮೂಲವನ್ನು ಅಳಿಸಬಾರದು. ಕತ್ತರಿಸಿ ಬಿಟ್ಟ ಭಾಗದಲ್ಲಿ ಉಪನ್ಯಾಸಕರು ಏನಾದರೂ ಬರೆದಿದ್ದರು ಎಂಬುದು ತಡವಾಗಿ ತಿಳಿದರೆ, ಅದನ್ನು ಹೊಸ ಕಡತದಿಂದ ಮರಳಿ ಪಡೆಯಲು ಯಾವ ದಾರಿಯೂ ಇಲ್ಲ.